ಮದುವೆ ಫೋಟೋಗೊಂದು ಸಂತಾಪ

ನನ್ನ ಅಕ್ಕ ದರ್ಜಿ. ಒಬ್ಬರ ಅಳತೆ ಇನ್ನೊಬ್ಬರಿಗೆ ಆಗದು ಎಂದು ದಿನವಿಡೀ ಗಿರಾಕಿಗಳಿಗೆ ಪಾಠ ಹೇಳುವವಳು. ಭಾವ ತೀರಿಕೊಂಡ ದಿನ ಬಂತೆಂದರೆ ಮಾತ್ರ ಊರಿಗೆಲ್ಲ ಒಂದೇ ಅಂಗಿ ಹೊಲಿದುಬಿಡುತ್ತಾಳೆ. ಅವರ ಗೆಳೆಯರಲ್ಲಿ ಒಬ್ಬರು ಫೇಸ್‌ಬುಕ್ಕಿನಲ್ಲಿ ಬರೀ ಕೈಮುಗಿದ ಚಿತ್ರ ಹಾಕಿದರೂ, ಇನ್ನೊಬ್ಬರು ಹಳೆಯ ತುಂಟಾಟವನ್ನು ಉದ್ದಕ್ಕೂ ಬರೆದರೂ, ಕೆಳಗೆ ಇವಳದು ಅದೇ ಸಾಲು: "ತಮ್ಮ ಸಂತಾಪಕ್ಕೆ ಕುಟುಂಬದ ಪರವಾಗಿ ಕೃತಜ್ಞತೆಗಳು." ಕಾಪಿ, ಪೇಸ್ಟ್, ಮತ್ತೆ ಹೊಲಿಗೆ ಯಂತ್ರ.

ಈ ಸಲ ಆ ಗೆಳೆಯರಲ್ಲೇ ಒಬ್ಬರಾದ ಗ್ಯಾರೇಜಿನವರು ಹಾಕಿದ ಫೋಟೋದಲ್ಲೂ ಭಾವನ ಮುಖ ಕಂಡಿತು. ಅದರ ಕೆಳಗೂ ಅದೇ ಸಾಲು ಒತ್ತಿಯೇಬಿಟ್ಟಳು. ಅದು ಗ್ಯಾರೇಜಿನವರ ಮದುವೆ ಫೋಟೋ! ಅವರ ಮದುವೆಯ ದಿನವೂ ಇದೇ ತಾರೀಖು.

ಸ್ವಲ್ಪ ಹೊತ್ತಿಗೇ ಅವರಿಂದ ಫೋನು ಬಂತು, ಅಕ್ಕ ಸ್ಪೀಕರಿಗೆ ಹಾಕಿದಳು. "ಅತ್ತಿಗೆ, ನನ್ನ ಮದುವೆಗೆ ಸಂತಾಪ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?"

ನಾನು ನಕ್ಕೆ. ಅಕ್ಕ ಕತ್ತರಿ ನನ್ನತ್ತ ತಿರುಗಿಸಿದಳು.

ಗ್ಯಾರೇಜಿನವರ ದನಿ ಇಳಿಯಿತು. "ತಪ್ಪು ನಂದೇ. ಅವನು ಹೋದಮೇಲೆ ಈ ದಿನ ಏನೂ ಹಾಕಿರಲಿಲ್ಲ. ಇವತ್ತೂ ಹಾಕಬಾರದಿತ್ತು. ತೆಗೆದುಬಿಡ್ತೀನಿ."

ಅಷ್ಟರಲ್ಲಿ ಅಕ್ಕನ ಮಗಳು ಫೋನಿನಲ್ಲಿದ್ದ ಆ ಫೋಟೋಗೆ ಮೂಗು ತಾಗಿಸಿ ನಿಂತಿದ್ದಳು. ಅಪ್ಪ ಹೋದಾಗ ಅವಳಿಗೆ ಮೂರು ವರ್ಷ. ಅವಳು ಕಂಡಿರುವುದು ಗೋಡೆಯ ಫೋಟೋ ಮಾತ್ರ. ಅದೂ ಗುರುತಿನ ಚೀಟಿಯದನ್ನು ದೊಡ್ಡದು ಮಾಡಿಸಿದ್ದು, ಪೊಲೀಸರು ಹಿಡಿದು ನಿಲ್ಲಿಸಿದಂತಿದೆ. ಇಲ್ಲಿ ಭಾವ ಮದುಮಗನ ಹಿಂದೆ ನಿಂತು ಕಣ್ಣು ಮುಚ್ಚಿಹೋಗುವಷ್ಟು ಬಾಯ್ತುಂಬ ನಗುತ್ತಿದ್ದರು.

"ಅಮ್ಮಾ, ಅಪ್ಪ ನಗ್ತಿದ್ರಾ?"

"ತೆಗೀಬೇಡಿ," ಎಂದಳು ಅಕ್ಕ ಫೋನಿಗೆ. "ಆವಾಗ ಯಾಕೆ ನಗ್ತಿದ್ರು, ಅದನ್ನ ಬರೀರಿ."

ಹಳೆಯ ಸಾಲನ್ನು ಅಳಿಸಿ ಹೀಗೆ ಬರೆದಳು: "ನಿಮ್ಮಿಬ್ಬರಿಗೂ ಶುಭಾಶಯ. ಅವರು ಹಾಕಿಕೊಂಡಿರುವ ಅಂಗಿ ನಾನೇ ಹೊಲಿದದ್ದು. ಈ ನಗು ನಮ್ಮ ಮನೆಯಲ್ಲಿರಲಿಲ್ಲ, ಕೊಟ್ಟಿದ್ದಕ್ಕೆ ಥ್ಯಾಂಕ್ಸ್." ಕೈಮುಗಿದ ಚಿತ್ರ ಹಾಕಿದವರಿಗೆ ಒಂದು ಹೃದಯ ಒತ್ತಿದಳು, ಅಷ್ಟು ಸಾಕು. ಕಥೆ ಬರೆದವರಿಗೆ ಆ ಕಥೆಯದ್ದೇ ಮಾತು ಹಿಡಿದು ಒಂದೆರಡು ಸಾಲು ಬರೆದಳು. ಓದುವಾಗಲೇ ಕಣ್ಣು ತುಂಬಿಸಿದ ಪೋಸ್ಟಿಗೆ ಉತ್ತರವನ್ನು ನಾಳೆಗೆ ಬಿಟ್ಟಳು. ತಡವಾದರೆ ಯಾರೂ ಜಗಳಕ್ಕೆ ಬರುವುದಿಲ್ಲ ಎಂದು ಧೈರ್ಯ ಹೇಳಿದ್ದು ನಾನೇ.

ಉಳಿದದ್ದು ಮನೆಯವರದ್ದೇ ಪೋಸ್ಟು. ಪ್ರತಿವರ್ಷದ ಸಾಲು ಸಿದ್ಧವಿತ್ತು: "ನಮ್ಮನ್ನಗಲಿದ ದಿವ್ಯಾತ್ಮಕ್ಕೆ ಚಿರಶಾಂತಿ ಕೋರುವ ದುಃಖತಪ್ತ ಕುಟುಂಬವರ್ಗ."

"ದುಃಖತಪ್ತ ಅಂದ್ರೆ ಯಾರಮ್ಮ?" ಎಂದಳು ಮಗಳು.

"ನಾವೇ ಕಣೇ."

"ನಂಗೊತ್ತೇ ಇರ್ಲಿಲ್ಲ!"

ಅಕ್ಕ ಅದನ್ನೂ ಅಳಿಸಿದಳು. ಗ್ಯಾರೇಜಿನವರನ್ನು ಕೇಳಿ ಅದೇ ಫೋಟೋ ಹಾಕಿ ಬರೆದಳು: "ನಮ್ಮನೆಯವರು ಹೋಗಿ ಇವತ್ತಿಗೆ ನಾಲ್ಕು ವರ್ಷ. ನೆನೆದವರಿಗೆಲ್ಲ ನಮಸ್ಕಾರ. ನಿಮ್ಮನ್ನು ಅವರು ನಗಿಸಿದ್ದು ನೆನಪಿದ್ದರೆ ಬರೆಯಿರಿ. ಮಗಳಿಗೆ ಓದಿ ಹೇಳುತ್ತೇನೆ."

ಮೊದಲ ಉತ್ತರ ಗ್ಯಾರೇಜಿನವರದು: "ಹಾರ ಹಾಕೋ ಗಡಿಬಿಡೀಲಿ ನಾನು ಹುಡುಗಿ ಬಿಟ್ಟು ಫೋಟೋಗ್ರಾಫರಿಗೆ ಹಾಕಿದೆ. ಅದಕ್ಕೆ ನಗ್ತಿದ್ದ."

ಮಗಳು ಬಿದ್ದೂ ಬಿದ್ದೂ ನಕ್ಕಳು. ಬಾಯಿ ಅಷ್ಟೇ ಅಗಲ, ಕಣ್ಣು ಹಾಗೇ ಮುಚ್ಚಿಹೋಗಿತ್ತು. ಅಕ್ಕ ಫೋನನ್ನು ಬಿಟ್ಟು ಅವಳನ್ನೇ ನೋಡುತ್ತಾ ಕುಳಿತಳು.