ಮೊದಲ ವಿಮಾನ ಹಿಡಿ ಎಂದಿದ್ದವಳು

ದೆಹಲಿ ವಿಮಾನ ನಿಲ್ದಾಣದ ನಮ್ಮ ಕಚೇರಿಯಲ್ಲಿ ಪೈಲಟ್‌ಗಳ ಪಾಳಿಪಟ್ಟಿ ಬರೆಯುವವಳು ಪುಷ್ಪಲತಾ ಡಂಗ್ವಾಲ್. ಗುಡ್ಡಗಾಡಿನ ಪೌಡಿ ಕಡೆಯ ಹೆಂಗಸು, ಇಪ್ಪತ್ತೆರಡು ವರ್ಷದ ಅನುಭವ. ಹೆಸರಿಗೆ ನಾನು ಅವಳ ಮೇಲಧಿಕಾರಿ. ಜನವರಿ ಬಂತೆಂದರೆ ಅವಳು ಹೇಳಿದಲ್ಲಿ ಸಹಿ ಹಾಕುವುದಷ್ಟೇ ನನ್ನ ಕೆಲಸ, ಹಾಗೆಂದು ಅವಳೇ ನನ್ನನ್ನು ರೇಗಿಸುತ್ತಿದ್ದಳು.

ಮಂಜಿನ ತಿಂಗಳಲ್ಲಿ ನೆಂಟರಿಷ್ಟರೆಲ್ಲ ಅವಳಿಗೇ ಫೋನ್ ಮಾಡುತ್ತಾರೆ. ಎಲ್ಲರಿಗೂ ಅವಳದು ಒಂದೇ ಉತ್ತರ: ಬೆಳಗಿನ ಮೊದಲ ವಿಮಾನ ಹಿಡಿಯಿರಿ. ಆ ವಿಮಾನ ರಾತ್ರಿಯೇ ಬಂದು ನಿಂತಿರುತ್ತದೆ, ಎಲ್ಲಿಂದಲೋ ಬರಲೆಂದು ಕಾಯಬೇಕಿಲ್ಲ. ಮಂಜಿನ ತರಬೇತಿ ಇರುವ ಕ್ಯಾಪ್ಟನ್ ಇದ್ದರೆ ಹೊರಟೇ ಬಿಡುತ್ತದೆ. ಮಗಳು ಇರಾಗೂ ಅದನ್ನೇ ಹೇಳಿದ್ದಳು. ರಾಂಚಿಯ ಕಾಲೇಜೊಂದರಲ್ಲಿ ಉಪನ್ಯಾಸಕಿ ಹುದ್ದೆಗೆ ಹನ್ನೊಂದೂವರೆಗೆ ಸಂದರ್ಶನ. ಹುಡುಗಿ ಒಂದು ದಿನ ಮೊದಲೇ ಹೋಗುತ್ತೇನೆಂದಿದ್ದಳು. ತಾಯಿ ಬೇಡವೆಂದಳು. ಆರು ಇಪ್ಪತ್ತರ ವಿಮಾನಕ್ಕೆ ತಾನೇ ಕ್ಯಾಪ್ಟನ್‌ನನ್ನು ಆರಿಸಿದ್ದಳಲ್ಲ!

ಅಲ್ಲೇ ಎಡವಿದ್ದು. ಆ ಕ್ಯಾಪ್ಟನ್‌ನ ಮಂಜಿನ ಅರ್ಹತೆಯ ಅವಧಿ ಹಿಂದಿನ ದಿನಕ್ಕೆ ಮುಗಿಯುತ್ತಿತ್ತು. ಅದರೊಳಗೆ ಅವನ ಮರುಪರೀಕ್ಷೆ ಇತ್ತು, ಆಗೇ ಆಗುತ್ತದೆಂದು ಪಟ್ಟಿಯಲ್ಲಿ ಹೆಸರು ಬರೆದುಬಿಟ್ಟಿದ್ದಳು. ಪಾಳಿಪಟ್ಟಿ ಬರೆಯುವವರೆಲ್ಲ ಮಾಡುವ ತಪ್ಪು ಇದು, ನಾನೂ ಮಾಡಿದ್ದೇನೆ. ಪರೀಕ್ಷೆ ನಡೆಸುವ ಸಿಮ್ಯುಲೇಟರ್ ಯಂತ್ರ ಕೆಟ್ಟು ದಿನಾಂಕ ಮುಂದೆ ಹೋಯಿತು, ಆ ಸುದ್ದಿ ನಮ್ಮ ಕಚೇರಿಗೆ ಬರಲೇ ಇಲ್ಲ. ಬೆಳಗಿನ ಐದಕ್ಕೆ ಕಂಪ್ಯೂಟರಿನಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆ ಮೂಡಿತು: ಮಂಜಿನಲ್ಲಿ ಹಾರಿಸುವಂತಿಲ್ಲ.

ರನ್‌ವೇಯಲ್ಲಿ ಆಗ ಕಣ್ಣಿಗೆ ಕಾಣುತ್ತಿದ್ದುದು ನೂರಾ ಎಪ್ಪತ್ತೈದು ಮೀಟರ್. ತರಬೇತಿ ಇದ್ದವರು ನೂರಾ ಇಪ್ಪತ್ತೈದಿದ್ದರೂ ಏರಬಹುದು, ಇಲ್ಲದವರಿಗೆ ನಾನೂರಾದರೂ ಬೇಕು. ಅಷ್ಟರಲ್ಲಿ ನಾಗ್ಪುರಕ್ಕೆ ಹೋಗಬೇಕಿದ್ದ ಕ್ಯಾಪ್ಟನ್‌ಗೆ ಜ್ವರವೆಂದು ಫೋನ್ ಬಂತು. ತುರ್ತಿಗೆಂದು ಕಾಯ್ದಿರಿಸಿದ ಪೈಲಟ್‌ಗಳಲ್ಲಿ ಮಂಜಿಗೆ ಅರ್ಹನಾಗಿ ನಿಲ್ದಾಣದಲ್ಲಿದ್ದವನು ಒಬ್ಬನೇ. ಗುರುಗ್ರಾಮದಿಂದ ಇನ್ನೊಬ್ಬನನ್ನು ಕರೆಸೋಣವೆಂದರೆ ರಸ್ತೆಯಲ್ಲೂ ಅದೇ ಮಂಜು.

ಪುಷ್ಪಲತಾ ಪಟ್ಟಿಯ ಎರಡು ಸಾಲುಗಳನ್ನು ನೋಡುತ್ತಲೇ ಇದ್ದಳು. ರಾಂಚಿಯ ವಿಮಾನ ಹೋಗಿ ಬಂದು ರಿಪೇರಿ ಶೆಡ್ಡಿಗೆ ಹೋಗುವಂಥದ್ದು, ತಡವಾದರೆ ಅದರ ಪ್ರಯಾಣಿಕರಿಗಷ್ಟೇ ತೊಂದರೆ. ನಾಗ್ಪುರದ್ದು ಹಾಗಲ್ಲ. ಅದು ಹೋಗಿ ಬಂದು, ಅದೇ ಸಿಬ್ಬಂದಿಯೊಂದಿಗೆ ಇಂದೋರಿಗೆ ಹೋಗಿ ಬರಬೇಕು. ಬೆಳಿಗ್ಗೆ ನಾಲ್ಕು ತಾಸು ಕಾದರೆ ನಿಯಮದ ಪ್ರಕಾರ ಸಿಬ್ಬಂದಿಯ ಕೆಲಸದ ಅವಧಿ ಮಧ್ಯಾಹ್ನವೇ ಮುಗಿದುಹೋಗುತ್ತದೆ. ಆಮೇಲೆ ಇಂದೋರಿನವರಿಗೆ ವಿಮಾನ ಇದ್ದರೂ ಹಾರಿಸುವವರಿಲ್ಲ. ನಾಲ್ಕು ಹಾರಾಟ ಸೇರಿ ಒಟ್ಟು ಏಳುನೂರು ಜನ.

"ಭಸೀನ್ ಸಾಬ್, ರಾಂಚಿ ಫ್ಲೈಟಲ್ಲಿ ಇರಾ ಇದಾಳೆ," ಎಂದಳು ನನ್ನತ್ತ ತಿರುಗಿ.

ನನಗೆ ಗೊತ್ತಿತ್ತು. ಅವಳು ರಾಂಚಿ ಎಂದಿದ್ದರೆ ಸಹಿ ಹಾಕುತ್ತಿದ್ದೆ, ನಾಗ್ಪುರ ಎಂದರೂ ಹಾಕುತ್ತಿದ್ದೆ. ನಿರ್ಧಾರ ನನ್ನದಾಗಬೇಕಿತ್ತು. ಬಾಯಿ ಬಿಡದೆ ಚಹಾದ ಲೋಟ ಹಿಡಿದು ನಿಂತೆ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳು ನಾಗ್ಪುರದ ಸಾಲಿನಲ್ಲಿ ಹೆಸರು ಹಾಕಿದಳು.

ಆಮೇಲೆ ಕಾಯುವುದೊಂದೇ ಉಳಿದಿತ್ತು. ನಿಯಂತ್ರಣ ಗೋಪುರದವರು ವಿಮಾನಗಳ ನಡುವಿನ ಅಂತರ ಹೆಚ್ಚಿಸಿದ್ದರು, ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆ ಅರ್ಧಕ್ಕಿಳಿದಿತ್ತು, ಮೂರು ವಿಮಾನ ಜೈಪುರಕ್ಕೆ ತಿರುಗಿದ್ದವು. ಏಳಕ್ಕೆ ಇನ್ನೂರು ಮೀಟರ್. ಎಂಟಕ್ಕೆ ಇನ್ನೂರೈವತ್ತು. ಎಂಟೂವರೆಗೆ ಮತ್ತೆ ನೂರೈವತ್ತು. ಪ್ರತಿ ಸಲ ಅಂಕಿ ಬದಲಾದಾಗಲೂ ಅವಳು ರಾಂಚಿಗೆ ಬೇಕಾದ ಹಾರಾಟದ ಹೊತ್ತನ್ನು ಬೆರಳಲ್ಲಿ ಎಣಿಸುತ್ತಿದ್ದಳು. ಒಂಬತ್ತರ ನಂತರ ಎಣಿಸುವುದನ್ನು ಬಿಟ್ಟಳು.

ವಿಮಾನದೊಳಗಿಂದ ಇರಾ ಫೋನ್ ಮಾಡಿದಳು. ಪಕ್ಕದಲ್ಲಿದ್ದ ನಾಗ್ಪುರದ್ದು ಹೋಯಿತು, ನಮ್ಮದೇಕೆ ಹೋಗುತ್ತಿಲ್ಲ ಎಂದು ಕೇಳಿದಳು. ಹವಾಮಾನ ಎಂದರೆ ಸುಳ್ಳೇನೂ ಆಗುತ್ತಿರಲಿಲ್ಲ, ಇಡೀ ಊರಿಗೆ ನಾವು ಹೇಳುವುದೂ ಅದನ್ನೇ. ಆದರೆ ಪುಷ್ಪಲತಾ ಎಲ್ಲವನ್ನೂ ಹೇಳಿಬಿಟ್ಟಳು: ಪರೀಕ್ಷೆ ಆಗದ ಕ್ಯಾಪ್ಟನ್, ಒಬ್ಬನೇ ಉಳಿದಿದ್ದವನು, ಅವನನ್ನು ಎಲ್ಲಿಗೆ ಕಳಿಸಿದೆ ಎಂಬುದು.

ಮಂಜು ಕರಗಿದ್ದು ಹತ್ತೂಕಾಲಿಗೆ. ಸಾಲಿನಲ್ಲಿ ನಿಂತು ರಾಂಚಿಯ ವಿಮಾನ ಏರುವಾಗ ಹನ್ನೊಂದು ದಾಟಿತ್ತು. ಹುಡುಗಿ ಕಾಲೇಜು ಮುಟ್ಟಿದ್ದು ಎರಡು ಗಂಟೆಗೆ, ಆಗಲೇ ಸಮಿತಿಯವರು ಎದ್ದು ಹೋಗಿದ್ದರು. ಅತ್ತ ನಾಗ್ಪುರದಿಂದ ಮರಳಿದ ವಿಮಾನ ಇಂದೋರಿಗೆ ಹೊರಟಿತ್ತು, ಒಂದೂವರೆ ಗಂಟೆಯಷ್ಟೇ ತಡ.

ಮೂರಕ್ಕೆ ಇರಾಳ ಫೋನ್ ಬಂತು. ನಾನು ಪಕ್ಕದಲ್ಲೇ ಇದ್ದೆ. ಜಗಳವಾಡುತ್ತಾಳೆಂದುಕೊಂಡೆ, ಆಡಲಿಲ್ಲ.

"ಮಮ್ಮಿ, ನೀನು ಮಾಡಿದ್ದು ಸರೀನೇ. ನಿನ್ ಜಾಗದಲ್ಲಿ ನಾನಿದ್ರೂ ಹಂಗೇ ಮಾಡ್ತಿದ್ದೆ," ಎಂದಳು. ಆಮೇಲೆ, "ಆದ್ರೆ ಇನ್ಮೇಲೆ ಎಲ್ಲಿಗಾದ್ರೂ ಹೋಗೋದಿದ್ರೆ ನಿನ್ನ ಕೇಳಲ್ಲ," ಎಂದಳು.

"ಕೇಳ್ಬೇಡ ಬೇಟಾ," ಎಂದಳು ಪುಷ್ಪಲತಾ. ಫೋನ್ ಇಟ್ಟು ತುಂಬಾ ಹೊತ್ತು ಅತ್ತಳು.