ಅಮ್ಮಣ್ಣಿಯಕ್ಕ ಕ್ಯಾಮೆರಾದ ಮುಂದೆ ಹೇಳಿದ್ದು

ಬಂಟ್ವಾಳದ ಬೀಡಿ ಕಟ್ಟುವ ಅಮ್ಮಣ್ಣಿಯಕ್ಕನನ್ನು ಸಿನಿಮಾಕ್ಕೆ ಆರಿಸಿದ್ದು ಆಕೆ ತಲೆ ಎತ್ತದ ಕಾರಣಕ್ಕೆ. ಅರುವತ್ತೆರಡನೇ ಇಸವಿಯಲ್ಲಿ ಸಿಡುಬಿನ ದಾಕಿನ, ಅಂದರೆ ಲಸಿಕೆಯ, ಬಗ್ಗೆ ಸರಕಾರಿ ಚಿತ್ರ ತೆಗೆಯಲು ಮೈಸೂರು ಕಡೆಯ ನಿರ್ದೇಶಕರೊಬ್ಬರು ಬಂದಿದ್ದರು. ಊರಿನ ಮೇಷ್ಟ್ರು ಎಂದು ಮುಖ ಹುಡುಕಿಕೊಡುವ ಕೆಲಸ ನನಗೆ ಬಿತ್ತು. ಬೆಳ್ತಂಗಡಿಯಿಂದ ನಾಟಕದ ರುಕ್ಮಯ್ಯ ಪೌಡರ್ ಬಳಿದುಕೊಂಡೇ ಬಂದ. ಅಳು ಎಂದರೆ ಮೂರನೇ ಬೀದಿಗೆ ಕೇಳುವಂತೆ ಅತ್ತ. ಅವನನ್ನು ಸಾಗಹಾಕುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಜಗಲಿಯಲ್ಲಿ ಕೂತಿದ್ದ ಅಮ್ಮಣ್ಣಿಯಕ್ಕ ಮಾತ್ರ ನಮ್ಮನ್ನು ನೋಡಲೇ ಇಲ್ಲ. ಎರಡು ವರ್ಷದಿಂದ ಆಕೆ ಯಾರನ್ನೂ ನೋಡುತ್ತಿರಲಿಲ್ಲ. ದಾಕು ಹಾಕುವವರು ಬಂದಾಗ, ಜ್ವರ ಬರುತ್ತದೆಂದು ಹೆದರಿ ಮಗ ಶೇಖರನನ್ನು ಅಟ್ಟದಲ್ಲಿ ಅಡಗಿಸಿ, ಮನೆಯಲ್ಲಿಲ್ಲ ಎಂದಿದ್ದಳು. ಬೀದಿಯವರೆಲ್ಲ ಹಾಗೆಯೇ ಮಾಡಿದ್ದರು. ಸಿಡುಬು ಬಂದು ತೀರಿಕೊಂಡದ್ದು ಶೇಖರನೊಬ್ಬ. ಆಕೆ ಅಳಲೂ ಇಲ್ಲ.

ಚಿತ್ರದಲ್ಲೂ ಆಕೆ ದಾಕಿನವರಿಗೆ ಮಗ ಮನೆಯಲ್ಲಿಲ್ಲ ಎಂದೇ ಹೇಳಬೇಕಿತ್ತು. ನಾನು ಬೇಡವೆಂದೆ. "ಮಾಡ್ತೇನೆ ಮಾಸ್ಟ್ರೆ. ನನಗೆ ಏನೂ ಆಗುವುದಿಲ್ಲ" ಎಂದಳು.

ಮೊದಲ ಸಲ "ನನ್ನ ಮಗನು ಮನೆಯಲ್ಲಿ ಇಲ್ಲ" ಎಂದು ಪಾಠಪುಸ್ತಕದಂತೆ ಒಪ್ಪಿಸಿದಳು. ಕನ್ನಡ ಎಂದರೆ ನಮಗೆಲ್ಲ ಶಾಲೆ, ಕಚೇರಿ. ಪುಣ್ಯಕ್ಕೆ ನಿರ್ದೇಶಕರಿಗೆ ಇದು ತಿಳಿಯಿತು. ಮನೆಯ ತುಳುವಿನಲ್ಲೇ ಹೇಳಲಿ, ಕೈಯಲ್ಲಿ ಬೀಡಿ ಇರಲಿ ಎಂದರು. ಆಕೆ ಬೆಚ್ಚಿಬೀಳದಂತೆ ಕ್ಲ್ಯಾಪ್ ಹಲಗೆಯನ್ನು ಶಾಟಿನ ಕೊನೆಗೆ ಹೊಡೆಸಿದರು. ನಿಜವಾಗಿಯೂ ದಾಕು ಹಾಕುವ ಚನಿಯಪ್ಪ ತನ್ನ ಪಾತ್ರವನ್ನು ತಾನೇ ಮಾಡುತ್ತ ಬಾಗಿಲಿಗೆ ಬಂದು ಕೇಳಿದ: "ಮಕ್ಕಳು ಇದ್ದಾರಾ?"

ಎಲೆ ಸುತ್ತುತ್ತಿದ್ದ ಕೈ ನಿಂತಿತು. ಆಕೆ ತುಳುವಿನಲ್ಲಿ ಹೇಳಿದಳು: "ಇದ್ದಾನೆ. ಅಟ್ಟದಲ್ಲಿದ್ದಾನೆ ನನ್ನ ಮಗ. ಬೇಗ ಹಾಕಿಬಿಡಿ." ಖಾಲಿ ಅಟ್ಟದ ಕಡೆ ತಿರುಗಿ, "ಶೇಖರಾ, ಇಳಿದು ಬಾ ಮಗಾ" ಎಂದು ಕರೆದಳು.

ಕ್ಲ್ಯಾಪ್ ಬಿತ್ತು. ಆಕೆ ಹೇಳಿದ್ದೇನೆಂದು ನಿರ್ದೇಶಕರಿಗೆ ತಿಳಿಸಿದೆ. "ಧ್ವನಿ ಹಿಡಿದಿಲ್ಲ ಮೇಷ್ಟ್ರೇ. ಮುಖ ಸರಿಯಾಗಿದೆ. ಮಾತು ಆಮೇಲೆ ಸೇರಿಸ್ತೀವಿ" ಎಂದರು. ಧ್ವನಿ ಹಿಡಿದಿಲ್ಲವೆಂಬುದು ಅಮ್ಮಣ್ಣಿಯಕ್ಕನಿಗೆ ಅರ್ಥವಾದಂತೆ ಕಾಣಲಿಲ್ಲ. "ಇದನ್ನು ನಮ್ಮ ಊರಲ್ಲಿ ತೋರಿಸ್ತಾರಾ?" ಎಂದಷ್ಟೇ ಕೇಳಿದಳು.

ಮರುವರ್ಷ ಶಾಲೆಯ ಸಭಾಂಗಣದಲ್ಲಿ ಕಿಟಕಿಗೆ ಗೋಣಿ ಕಟ್ಟಿ ಮಧ್ಯಾಹ್ನ ತೋರಿಸಿದರು. ಎಲ್ಲಿಗೂ ಹೋಗದ ಅಮ್ಮಣ್ಣಿಯಕ್ಕ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಪರದೆಯ ಮೇಲೆ ಆಕೆಯ ತುಟಿ ಅಲ್ಲಾಡಿತು. ಯಾರದೋ ದಪ್ಪ ಗಂಟಲು ಓದಿತು: "ತಿಳಿವಳಿಕೆ ಇಲ್ಲದ ಈ ತಾಯಿ, ಮಗ ಮನೆಯಲ್ಲಿಲ್ಲವೆಂದು ಸುಳ್ಳು ಹೇಳುತ್ತಾಳೆ." ನನಗೆ ಆ ಗಂಟಲನ್ನು ಹಿಸುಕಬೇಕೆನ್ನಿಸಿತು.

"ನಾನು 'ಇದ್ದಾನೆ' ಅಂತ ಅಲ್ವಾ ಹೇಳಿದ್ದು, ಮಾಸ್ಟ್ರೆ?"

"ಹೌದು ಅಕ್ಕ. ನಾನು ಕೇಳಿದ್ದೇನೆ."

"ಊರಿಗೆ ಕೇಳಲಿಲ್ಲ" ಎಂದು ಎದ್ದು ಹೋದಳು.