ತೊಂಬತ್ತು ದಿನದ ಉದ್ರಿ

ಬಾಗಲಕೋಟೆಯ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದೇನೆ. ದುಡಿಯುವ ಬಂಡವಾಳದ ಪಾಠವನ್ನು ಪುಸ್ತಕ ಮುಚ್ಚಿಟ್ಟು ಹೇಳಬಲ್ಲೆ. ಆ ಜಂಬದಲ್ಲೇ, ಅಮೀನಗಡದಲ್ಲಿ ಕರದಂಟು ಮಾಡಿ ಮಾರುವ ನನ್ನ ತಂಗಿಯ ವ್ಯಾಪಾರದಲ್ಲಿ ಕೈ ಹಾಕಿದೆ. ಈಗಲೂ ನೆನೆದರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಅವಳದೊಂದು ಪದ್ಧತಿ ಇತ್ತು. ಹುನಗುಂದ, ಇಳಕಲ್ಲ, ಬಾದಾಮಿಯ ಅಂಗಡಿಗಳಿಗೆ ವಾರಕ್ಕೊಮ್ಮೆ ಮಾಲು ಹಾಕುತ್ತಿದ್ದಳು. ಹಿಂದಿನ ವಾರದ ಹಣ ಕೈಗೆ ಬಂದ ಮೇಲೆಯೇ ಹೊಸ ಡಬ್ಬಿಗಳು ಟೆಂಪೋದಿಂದ ಇಳಿಯುತ್ತಿದ್ದವು. ಗೋಡಂಬಿ, ಅಂಟು, ಒಣಕೊಬ್ಬರಿ ಕೊಡುವ ವ್ಯಾಪಾರಿಗೆ ಹದಿನೈದು ದಿನಕ್ಕೆ ಹಣ ಮುಟ್ಟಿಸಿದರೆ ಸಾಕು. ಅಷ್ಟರೊಳಗೆ ಕರದಂಟು ಮಾರಿ ರೊಕ್ಕ ತಿರುಗಿ ಬಂದಿರುತ್ತಿತ್ತು. ಅವಳು ಆರನೆಯ ಇಯತ್ತೆಯವರೆಗೂ ಸರಿಯಾಗಿ ಓದಿದವಳಲ್ಲ.

ಬೇಸಿಗೆಯಲ್ಲಿ ದೊಡ್ಡ ಊರಿನ ಅಂಗಡಿ ಸಮೂಹವೊಂದು ಅವಳನ್ನು ಹುಡುಕಿಕೊಂಡು ಬಂತು. ತಿಂಗಳಿಗೆ ನಾಲ್ಕು ಲಕ್ಷದ ಮಾಲು ಬೇಕು. ಹಣ ಮಾತ್ರ ಬಿಲ್ಲು ಮುಟ್ಟಿದ ತೊಂಬತ್ತು ದಿನಕ್ಕೆ. ಅವಳು ಹಿಂಜರಿದಳು.

“ಅಣ್ಣಾ, ಮೂರು ತಿಂಗಳು ಉದ್ರಿ ಆತಲ್ಲೋ. ಅಲ್ಲೀತನಕ ನಾ ಏನ್ ಹಾಕಿ ಮಾಡ್ಲಿ?”

“ಹುಚ್ಚಿ, ಖರ್ಚು ಮೂರು ಲಕ್ಷ. ತಿಂಗಳಿಗೆ ಒಂದು ಲಕ್ಷ ಲಾಭ ಕಣ್ಣಿಗಿ ಕಾಣಸ್ತೈತಿ! ಬಸ್ ಸ್ಟ್ಯಾಂಡ್ ಅಂಗಡಿಗೋಳಿಗೆ ಗಂಟು ಬಿದ್ದು ಎಷ್ಟ ದಿನ ಕುಂಡ್ರತಿ?” ಅಂದೆ.

ಒಪ್ಪಿದಳು. ಅಣ್ಣ ಕಲಿತವನಲ್ಲವೇ! ಅಷ್ಟು ಮಾಲು ಮಾಡಲು ಅವಳ ಕೆಲಸಕ್ಕಿದ್ದ ಎಂಟು ಜನ ಹೆಂಗಸರ ಕೈ ಸಾಲದೆ, ವಾರವಾರ ರೊಕ್ಕ ಕೊಡುತ್ತಿದ್ದ ಸಣ್ಣ ಅಂಗಡಿಗಳನ್ನು ಬಿಟ್ಟಳು.

ಮೂರನೆಯ ಬಿಲ್ಲು ಹೋದ ಮೇಲೆ ಅವಳ ಲೆಕ್ಕದ ಪುಸ್ತಕ ತರಿಸಿಕೊಂಡು ಕುಳಿತೆ. ಹನ್ನೆರಡು ಲಕ್ಷದ ಮಾರಾಟ, ಒಂಬತ್ತು ಲಕ್ಷದ ಖರ್ಚು, ಮೂರು ಲಕ್ಷ ಲಾಭ. ಅದಕ್ಕೆ ಕೆಂಪು ಪೆನ್ನಿನಿಂದ ಎರಡು ಗೆರೆ ಎಳೆದೆ. ಎಳೆದು ಸುಮ್ಮನಾಗಿದ್ದರೆ ಆಗುತ್ತಿತ್ತು. “ಲಾಭ ಬಂದೈತಿ, ಇನ್ನ ವ್ಯಾಪಾರ ಸುರು ಮಾಡುವಾಗ ನಾ ಕೊಟ್ಟಿದ್ದ ಎರಡು ಲಕ್ಷ ತಿರುಗಿ ಕೊಡವಾ, ಕಾರ್ ತಗೋಬೇಕಂದೇನಿ” ಎಂದೆ. ಮರುದಿನ ಬ್ಯಾಂಕಿನಿಂದ ತೆಗೆದು ತಂದುಕೊಟ್ಟಳು. ನಾನು ಎಣಿಸಿಯೂ ನೋಡಿದೆ.

ನಾಗರಪಂಚಮಿಗೆ ಇನ್ನು ಹದಿನೇಳು ದಿನ ಇರುವಾಗ ಅವಳ ಫೋನ್ ಬಂತು. “ಅಣ್ಣಾ, ಇವತ್ತ ಒಲಿ ಹಚ್ಚಿಲ್ಲ.”

ಪಂಚಮಿಯೆಂದರೆ ಅವಳಿಗೆ ವರ್ಷದ ಅರ್ಧ ವ್ಯಾಪಾರ. ಗೋಡಂಬಿ ವ್ಯಾಪಾರಿಯ ಹಿಂದಿನ ಎರಡು ಬಿಲ್ಲು ಬಾಕಿ ಉಳಿದಿದ್ದವು; ಆತ ನಗದು ಕೊಟ್ಟರೆ ಮಾತ್ರ ಮಾಲು ಎಂದಿದ್ದ. ಹೆಂಗಸರು ಬರಿಗೈಯಲ್ಲಿ ಕುಳಿತಿದ್ದರು. ದೊಡ್ಡ ಅಂಗಡಿಯ ಮೊದಲ ಬಿಲ್ಲಿನ ಹಣ ಬರುವುದೇ ಪಂಚಮಿ ಮುಗಿದ ವಾರಕ್ಕೆ. ಆಗಲೂ ನನ್ನ ಬಾಯಿಂದ ಬಂದದ್ದು, “ಮೂರು ಲಕ್ಷ ಲಾಭ ಐತಲ್ಲವಾ?”

“ಐತಿ. ಅವರ ಕಪಾಟಿನ್ಯಾಗ ಐತಿ. ಅದನ್ನ ಕೊಟ್ಟರ ಗೋಡಂಬಿ ಕೊಡ್ತಾರೇನೋ?”

ಫೋನ್ ಹಿಡಿದುಕೊಂಡೇ ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿದ್ದ ಲೆಕ್ಕ. ಮಾಲು ಮಾಡಿ ಕಳಿಸಲು ಹತ್ತು ದಿನ, ಹಣಕ್ಕೆ ತೊಂಬತ್ತು ದಿನ. ನೂರು ದಿನದಲ್ಲಿ ವ್ಯಾಪಾರಿಯ ಉದ್ರಿ ಹೊರುವುದು ಹದಿನೈದನ್ನು. ಉಳಿದ ಎಂಬತ್ತೈದು ದಿನ ಅವಳ ಸ್ವಂತ ಗಂಟು ಹೊರಬೇಕು. ಹೆಚ್ಚು ಮಾರಿದಷ್ಟೂ ಹೆಚ್ಚು ರೊಕ್ಕ ಸಿಕ್ಕಿಬೀಳುತ್ತದೆ. ಆ ಗಂಟಿನಿಂದಲೇ ನಾನು ಎರಡು ಲಕ್ಷ ಎಳೆದುಕೊಂಡಿದ್ದೆ. ಥೂ ನನ್ನ ಜನ್ಮಕ್ಕೆ!

ಬ್ಯಾಂಕಿನವರು ಕಾಗದಪತ್ರ ನೋಡಲು ಒಂದು ತಿಂಗಳು ಬೇಕೆಂದರು. ನನ್ನ ಹತ್ತಿರ ಕೂಡಿದ್ದು ನಲವತ್ತು ಸಾವಿರ. ಹಳೆಯ ಅಂಗಡಿಗಳಲ್ಲಿ ಮುಂಗಡ ಕೇಳುವುದೊಂದೇ ಉಳಿದಿತ್ತು. ಆ ಹೊಸ ಕಾರಿನಲ್ಲೇ ಅವಳನ್ನು ಹುನಗುಂದಕ್ಕೆ ಕರೆದೊಯ್ದೆ. ದಾರಿಯುದ್ದಕ್ಕೂ ಅವಳು ಸೀಟಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದುಡಿ ಕುಳಿತಿದ್ದಳು.

ಬಸ್ ನಿಲ್ದಾಣದ ಎದುರಿನ ಅಂಗಡಿಯವರು ಮೊದಲು ಮುಖ ಕೊಡಲಿಲ್ಲ. “ದೊಡ್ಡ ಗಿರಾಕಿ ಸಿಕ್ಕರು ಅಂತ ನಮ್ಮನ್ನ ಬಿಟ್ರಿ. ಈಗ್ಯಾಕ ನೆನಪಾತ್ರಿ ಅಕ್ಕಾರ?”

ನಾನು ಹೇಳಬೇಕಿತ್ತು. ಕಾರಿನ ಕೀಲಿ ತಿರುವುತ್ತ ನಿಂತೆ.

“ನಂದ ಲೆಕ್ಕ ತಪ್ಪಿತ್ರಿ,” ತಂಗಿ ಅಂದಳು. “ಲಾಭದ ಆಸೆಗೆ ಬಿದ್ದಿನ್ರಿ. ಪಂಚಮಿ ಮಾಲಿಗೆ ಅರ್ಧ ರೊಕ್ಕ ಮುಂಗಡ ಕೊಡ್ರಿ, ಐದನೇ ದಿನಕ್ಕ ಡಬ್ಬಿ ತಂದು ಇಳಸ್ತೇನಿ.”

ಅಂಗಡಿಯವರು ಗಲ್ಲಾಪೆಟ್ಟಿಗೆ ಎಳೆದು ನೋಟು ಎಣಿಸಿ ಅವಳ ಕೈಗಿಟ್ಟು, ನನ್ನ ಕಡೆ ತಿರುಗಿ ನಕ್ಕರು.

“ನೀವು ಕಾಲೇಜಿನ್ಯಾಗ ಇದನ್ನ ಕಲಸೋರಲ್ರಿ ಸರ್? ಮನ್ಯಾಗಿನ ಹೆಣಮಗಳಿಗೆ ಒಂದೆರಡು ಮಾತು ತಿಳಿಸಿ ಹೇಳಬಾರದೇನ್ರಿ?”

ತಂಗಿ ತಲೆ ತಗ್ಗಿಸಿ ನೋಟುಗಳನ್ನು ಚೀಲಕ್ಕೆ ಹಾಕುತ್ತಿದ್ದಳು.

“ಹೂಂ, ಹೇಳ್ತೇನ್ರಿ,” ಅಂದೆ.